ಹೌಎವರ್ ಹಿಂದಿನ ಅಲ್ಪವಿರಾಮ

ಕಳೆದ ಮಳೆಗಾಲದಲ್ಲಿ ಸಾಗರದಿಂದ ವಾಶಿಯ ಎಪಿಎಂಸಿ ಮಾರುಕಟ್ಟೆಗೆ ಅಡಿಕೆ ಹೇರಿಕೊಂಡು ಬಂದ ಒಂದು ಲಾರಿಯಲ್ಲಿ ಹದಿನಾಲ್ಕು ಮೂಟೆ ನೆನೆದಿದ್ದವು. ಸರಕಿಗೆ ವಿಮೆ ಇತ್ತು. ನಮ್ಮ ಕಚೇರಿಯ ಸರ್ವೇಯರ್ ಹೋಗಿ ನೋಡಿ, ಫೋಟೊ ತೆಗೆದು, ಮೂಟೆ ಬಿಚ್ಚಿಸಿ, ಎಣಿಸಿ, ಇಂಗ್ಲಿಷಿನಲ್ಲಿ ವರದಿ ಬರೆದರು. ಮೂರು ದಿನಗಳ ನಂತರ ವಿಮಾ ಕಂಪನಿಯ ಅಧಿಕಾರಿಯೊಬ್ಬರು ಫೋನ್ ಮಾಡಿದರು. ಮೂಟೆಗಳ ಎಣಿಕೆಯಲ್ಲಿ ಅವರಿಗೆ ಅನುಮಾನವಿರಲಿಲ್ಲ, ಫೋಟೊಗಳಲ್ಲಿಯೂ ಇರಲಿಲ್ಲ. ಅವರ ಪ್ರಶ್ನೆ ಒಂದೇ: "ನಾಲ್ಕನೆಯ ಪುಟದಲ್ಲಿ ಒಂದು ಹೌಎವರ್ ಇದೆಯಲ್ಲ, ಅದು ಯಾವ ಕಡೆಯದು?"

ಫೋರ್ಟಿನ ಈ ಹಳೆಯ ಕಟ್ಟಡದಲ್ಲಿ ಕುಳಿತು ಇತರರು ಬರೆದ ವರದಿಗಳನ್ನು ತಿದ್ದುವುದು ನನ್ನ ಕೆಲಸ. ನಮ್ಮ ಸರ್ವೇಯರುಗಳಲ್ಲಿ ಕೆಲವರು ಹಡಗಿನಲ್ಲಿ ದುಡಿದು ಬಂದವರು, ಕೆಲವರು ಎಂಜಿನಿಯರುಗಳು. ಸರಕನ್ನು ಮೂಸಿ ನೋಡಿ ಅದು ಎಷ್ಟು ದಿನ ನೆನೆದಿದೆ ಎಂದು ಹೇಳಬಲ್ಲವರು. ಅವರ ಇಂಗ್ಲಿಷಿನ ಮೇಲೆ ಕೆಂಪು ಪೆನ್ನು ಆಡಿಸುವಾಗ ನನಗೆ ಸ್ವಲ್ಪ ಸಂಕೋಚವೇ ಆಗುತ್ತದೆ. ಬಹಳಷ್ಟನ್ನು ಹಾಗೆಯೇ ಬಿಟ್ಟುಬಿಡುತ್ತೇನೆ. ಹೌಎವರ್ ಹಿಂದೆ ಬರೀ ಅಲ್ಪವಿರಾಮ ಕಂಡರೆ ಮಾತ್ರ ಬಿಡಲಾಗುವುದಿಲ್ಲ. ಆ ದಿನ ನಾನು ರಜೆಯಲ್ಲಿದ್ದೆ. ವರದಿ ನನ್ನ ಕಣ್ಣಿಗೆ ಬೀಳದೆ ಹೋಗಿತ್ತು.

ಅಧಿಕಾರಿ ಹೇಳಿದ ಪುಟ ತೆರೆದೆ. ಮೊದಲ ವಾಕ್ಯ ಸರಳವಾಗಿತ್ತು: ಲಾರಿಯ ಟಾರ್ಪಾಲು ಎರಡು ಕಡೆ ಹರಿದಿತ್ತು. ಅದರ ಬೆನ್ನಿಗೆ ಈ ವಾಕ್ಯ: "ದ ಟಾಪ್ ಲೇಯರ್ ವಾಸ್ ಡ್ರೈ, ಹೌಎವರ್, ಫೋರ್ಟೀನ್ ಬ್ಯಾಗ್ಸ್ ಅಟ್ ದ ಬಾಟಮ್ ವರ್ ವೆಟ್." ಮೇಲಿನ ಸಾಲು ಒಣಗಿತ್ತು, ತಳದ ಹದಿನಾಲ್ಕು ಮೂಟೆ ಒದ್ದೆಯಾಗಿದ್ದವು. ನಡುವೆ ಹೌಎವರ್, ಅದರ ಎರಡೂ ಪಕ್ಕದಲ್ಲಿ ಒಂದೊಂದು ಅಲ್ಪವಿರಾಮ.

ಇದನ್ನು ಎರಡು ರೀತಿಯಲ್ಲಿ ಓದಬಹುದು. ಹೌಎವರ್ ಹಿಂದಿನ ತುಂಡಿಗೆ ಸೇರಿದ್ದು ಎಂದುಕೊಂಡರೆ, ಟಾರ್ಪಾಲು ಹರಿದಿದ್ದರೂ ಮೇಲಿನ ಸಾಲು ಒಣಗಿಯೇ ಇತ್ತು ಎಂದಾಗುತ್ತದೆ. ಆಗ ಸರ್ವೇಯರ್ ಹರಕನ್ನು ಗಮನಿಸಿದ್ದಾರೆ, ಅದರ ಬಗ್ಗೆ ಯೋಚಿಸಿದ್ದಾರೆ, ಅಲ್ಲಿಂದ ನೀರು ಇಳಿದಿಲ್ಲ ಎಂಬ ಕಡೆಗೆ ಬೆರಳು ತೋರಿಸಿದ್ದಾರೆ. ತಳದ ಮೂಟೆಗಳ ಸಂಗತಿ ಬೇರೆಯದೇ ಒಂದು ವರದಿ. ಹೌಎವರ್ ಮುಂದಿನ ತುಂಡಿನದು ಎಂದುಕೊಂಡರೆ, ಮೇಲಿನ ಸಾಲು ಒಣಗಿತ್ತು, ತಳದ್ದು ಹಾಗಿರಲಿಲ್ಲ ಎಂದಷ್ಟೇ ಉಳಿಯುತ್ತದೆ. ಎದುರುಬದುರಾಗಿ ನಿಂತಿರುವುದು ಆಗ ಎರಡು ಸಾಲುಗಳು. ಹರಿದ ಟಾರ್ಪಾಲಿನ ಬಗ್ಗೆ ಸರ್ವೇಯರ್ ಏನೂ ತೀರ್ಮಾನ ಹೇಳಿಲ್ಲ. ಮಳೆ ನೀರು ಮೇಲಿಂದ ಇಳಿದಿದೆಯೋ, ಲಾರಿಯ ತಳದ ಹಲಗೆಯಲ್ಲಿ ಮೊದಲೇ ನೀರು ನಿಂತಿತ್ತೋ ಎಂದು ತಿಳಿಯಬೇಕಾದ ಅಧಿಕಾರಿಗೆ ಈ ವ್ಯತ್ಯಾಸ ಬೇಕೇ ಬೇಕು. ತಾವಾಗಿಯೇ ಊಹಿಸಿಕೊಳ್ಳಬಹುದಿತ್ತು. ಅವರ ಕಡತಕ್ಕೆ ಊಹೆ ಸಾಲದು, ಸರ್ವೇಯರ್ ಬರೆದ ಮಾತೇ ಬೇಕು.

ಅರ್ಧವಿರಾಮ ಹೌಎವರ್ ಹಿಂದೆ ಬಿದ್ದಿದ್ದರೆ ಅದು ಮುಂದಿನದಾಗುತ್ತಿತ್ತು. ಅದರ ನಂತರ ಬಿದ್ದಿದ್ದರೆ ಹಿಂದಿನದಾಗುತ್ತಿತ್ತು. ಎರಡೂ ಕಡೆ ಅಲ್ಪವಿರಾಮ ಬಿದ್ದದ್ದರಿಂದ ಆ ಪದ ಎರಡು ಮನೆಯ ನಡುವಿನ ಬೇಲಿಯ ಮೇಲೆ ಕುಳಿತ ಬೆಕ್ಕಿನಂತಾಯಿತು. ಸರ್ವೇಯರ್‌ಗೆ ಫೋನ್ ಮಾಡಿ, "ಯಾವ ಅರ್ಥದಲ್ಲಿ ಬರೆದಿರಿ ಸರ್?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡೂ ಅರ್ಥದಲ್ಲಿ" ಎಂದರು. ಪ್ರಾಮಾಣಿಕ ಉತ್ತರ. ಬರೆಯುವಾಗ ಎಲ್ಲರ ತಲೆಯಲ್ಲಿಯೂ ಹಾಗೆಯೇ ಇರುತ್ತದೆ.

ರಾತ್ರಿ ಶಾಲೆಯ ಕಪ್ಪು ಹಲಗೆ

ಈ ವಿಷಯ ನನಗೆ ತಿಳಿದದ್ದು ಯಾವ ಕಾಲೇಜಿನಲ್ಲಿಯೂ ಅಲ್ಲ. 1983ರಲ್ಲಿ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು, ಇಲ್ಲೇ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಮಾಣಿಯಾಗಿ ಸೇರಿದ್ದೆ. ಸಂಜೆ ಕನ್ನಡ ರಾತ್ರಿ ಶಾಲೆ. ನಮ್ಮಂಥವರನ್ನು ಓದಿಸಿದ ಆ ಶಾಲೆಗಳ ಬಗ್ಗೆ ಮುಂಬಯಿ ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ತರಗತಿಯಲ್ಲಿ ಅರ್ಧ ಜನ ತೂಕಡಿಸುತ್ತಿದ್ದರು, ಎಲ್ಲರ ಅಂಗಿಯಿಂದಲೂ ಸಾಂಬಾರಿನ ವಾಸನೆ. ಇಂಗ್ಲಿಷ್ ಕಲಿಸುತ್ತಿದ್ದ ಮಾಸ್ತರರು ಹಗಲು ಯಾವುದೋ ಹಡಗು ಕಂಪನಿಯಲ್ಲಿ ಗುಮಾಸ್ತರು. ನಮ್ಮೂರ ಕಡೆಯವರೇ. ಬೈಯುವಾಗ ಕುಂದಾಪುರದ ಮಾತು, ಪಾಠ ಮಾಡುವಾಗ ಪುಸ್ತಕದ ಕನ್ನಡ.

ಒಂದು ಸಂಜೆ ನನ್ನ ಪ್ರಬಂಧದ ಒಂದು ಸಾಲನ್ನು ಹಲಗೆಯ ಮೇಲೆ ಬರೆದರು: "ಐ ವಾಸ್ ಟಯರ್ಡ್, ಹೌಎವರ್ ಐ ಕೇಮ್ ಟು ಸ್ಕೂಲ್." ದಣಿದಿದ್ದೆ, ಆದರೂ ಶಾಲೆಗೆ ಬಂದೆ. ಹೊಗಳುತ್ತಾರೆ ಎಂದುಕೊಂಡು ನೆಟ್ಟಗೆ ಕುಳಿತೆ. ಅವರು ಅದರ ಕೆಳಗೆ ಇನ್ನೊಂದು ಸಾಲು ಬರೆದರು, ಎಲ್ಲವೂ ಅದೇ, ಹೌಎವರ್ ಇದ್ದ ಕಡೆ ಬಟ್. ಆಮೇಲೆ ನನ್ನನ್ನೇ ಕರೆದು ಡಸ್ಟರ್ ಕೊಟ್ಟು, ಹೌಎವರ್ ಪದವನ್ನು ಅಳಿಸಿ ಬೇರೆ ಎಲ್ಲಿ ಕೂರಿಸಿದರೆ ಕೂರುತ್ತದೆ ನೋಡು ಎಂದರು. ಹಿಂದಿನ ಬೆಂಚಿನ ಒಬ್ಬ ಹೇಳಿಕೊಟ್ಟ. ಐ ಆದ ಮೇಲೆ ಕೂರಿಸಿದೆ: "ಐ, ಹೌಎವರ್, ಕೇಮ್ ಟು ಸ್ಕೂಲ್." ಕೂತಿತು. ಕೊನೆಗೆ ಒಯ್ದು ಇಟ್ಟೆ: "ಐ ಕೇಮ್ ಟು ಸ್ಕೂಲ್, ಹೌಎವರ್." ಅಲ್ಲಿಯೂ ಕೂತಿತು. ಇನ್ನು ಬಟ್ ಪದವನ್ನು ಹಾಗೆ ಮಾಡು ಎಂದರು. "ಐ ಬಟ್ ಕೇಮ್ ಟು ಸ್ಕೂಲ್" ಎಂದು ಬರೆಯುವಷ್ಟರಲ್ಲಿ ತೂಕಡಿಸುತ್ತಿದ್ದವರೂ ಎದ್ದು ನಕ್ಕರು.

ಅವರು ನಗಲಿಲ್ಲ. ಮೊದಲ ಸಾಲಿಗೆ ಮರಳಿ, ಹೌಎವರ್ ಈಗ ಕೊನೆಗೆ ಹೋಗಿರುವ ಆ ಸಾಲಿನ ನಡುವೆ ಉಳಿದಿದ್ದ ಗುರುತಿನ ಸುತ್ತ ಸುಣ್ಣದ ಕಡ್ಡಿಯಿಂದ ವೃತ್ತ ಎಳೆದರು. "ಐ ವಾಸ್ ಟಯರ್ಡ್" ಒಂದು ಪೂರ್ತಿ ವಾಕ್ಯ. "ಐ ಕೇಮ್ ಟು ಸ್ಕೂಲ್, ಹೌಎವರ್" ಇನ್ನೊಂದು ಪೂರ್ತಿ ವಾಕ್ಯ. ನಡುವೆ ಒಂದು ಅಲ್ಪವಿರಾಮ ಬಿಟ್ಟು ಬೇರೇನೂ ಇಲ್ಲ. "ಎಂಟು ಜನ ಗಿರಾಕಿ ಬಂದರೆ ನಿಮ್ಮ ಹೋಟೆಲಿನಲ್ಲಿ ಎರಡು ಮೇಜು ಜೋಡಿಸುತ್ತೀರಲ್ಲ, ಆ ಸಂದಿನಲ್ಲಿ ಮಾಣಿ ನಿಂತಿದ್ದಾನೆ ಎಂದ ಮಾತ್ರಕ್ಕೆ ಅವನು ಮೇಜಿನ ಕೀಲು ಆಗುತ್ತಾನೆಯೇ? ಇನ್ನೊಬ್ಬ ಗಿರಾಕಿ ಕರೆದರೆ ಆ ಕಡೆ ಹೋಗುತ್ತಾನೆ. ಬಟ್ ಕೀಲು. ಹೌಎವರ್ ಮಾಣಿ" ಎಂದರು.

ನಲವತ್ತು ವರ್ಷ ಕಳೆದರೂ ಈ ಮಾತಿಗಿಂತ ಚೆನ್ನಾಗಿ ಈ ನಿಯಮವನ್ನು ವಿವರಿಸಲು ನನಗೆ ಸಾಧ್ಯವಾಗಿಲ್ಲ. ಎರಡು ಪೂರ್ತಿ ವಾಕ್ಯಗಳನ್ನು ಒಂದು ಅಲ್ಪವಿರಾಮದ ಜೊತೆಗೆ ಕಟ್ಟುವ ಶಕ್ತಿ ಇಂಗ್ಲಿಷಿನಲ್ಲಿ ಬಟ್, ಆಂಡ್, ಆರ್ ಮುಂತಾದ ಬೆರಳೆಣಿಕೆಯ ಪುಟ್ಟ ಪದಗಳಿಗೆ ಮಾತ್ರ ಇದೆ. ಹೌಎವರ್, ದೇರ್‌ಫೋರ್, ಮೋರೋವರ್, ನೆವರ್‌ದಲೆಸ್, ಕಾನ್ಸಿಕ್ವೆಂಟ್ಲಿ ಇವೆಲ್ಲ ನೋಡಲು ದೊಡ್ಡ ಮನುಷ್ಯರಂತೆ ಇದ್ದರೂ ವಾಕ್ಯದ ಒಳಗೆ ಓಡಾಡುವ ಕ್ರಿಯಾವಿಶೇಷಣಗಳು. ಹಿಂದಿನ ವಾಕ್ಯದ ಕಡೆ ಕತ್ತು ತಿರುಗಿಸಿ ನೋಡುತ್ತವೆ, ಅದನ್ನು ಹಿಡಿದುಕೊಳ್ಳುವುದಿಲ್ಲ. ಆದ್ದರಿಂದ ಅವುಗಳ ಹಿಂದೆ ಕಟ್ಟುವ ಕೆಲಸವನ್ನು ಬೇರೆ ಯಾರಾದರೂ ಮಾಡಬೇಕು: ಅರ್ಧವಿರಾಮ ಹಾಕಿ, ಇಲ್ಲವೇ ಪೂರ್ಣವಿರಾಮ ಹಾಕಿ ಹೊಸ ವಾಕ್ಯ ಶುರುಮಾಡಿ. ಮೂರನೆಯ ದಾರಿಯೂ ಇದೆ. ಕೀಲೊಂದನ್ನು ತಂದು ಮುಂದೆ ನಿಲ್ಲಿಸಿ, ಆಂಡ್ ದೇರ್‌ಫೋರ್ ಎಂದು ಬರೆದರೆ ಅಲ್ಪವಿರಾಮವೇ ಸಾಕು. ಕಟ್ಟುತ್ತಿರುವುದು ಆಂಡ್.

ನಮ್ಮ ಒಂದೇ ಡಬ್ಬಿ

ಹಾಗಾದರೆ ಓದಿಕೊಂಡವರೂ ಇದೇ ತಪ್ಪನ್ನು ಮತ್ತೆ ಮತ್ತೆ ಮಾಡುವುದೇಕೆ? ಬಹಳ ವರ್ಷ ನಾನು ಇದನ್ನು ಅಸಡ್ಡೆ ಎಂದುಕೊಂಡಿದ್ದೆ. ಈಗ ಹಾಗೆ ಅನಿಸುವುದಿಲ್ಲ. ನಮ್ಮ ಶಾಲೆಯ ಕನ್ನಡ ವ್ಯಾಕರಣವನ್ನು ನೆನಪಿಸಿಕೊಳ್ಳಿ. ಸಂಬಂಧಾರ್ಥಕಾವ್ಯಯ ಎಂಬ ಒಂದೇ ಡಬ್ಬಿಯಲ್ಲಿ ಮತ್ತು, ಅಥವಾ, ಆದರೆ, ಆದ್ದರಿಂದ, ಅಲ್ಲದೆ ಎಲ್ಲವನ್ನೂ ತುಂಬಿ ಬಾಯಿಪಾಠ ಮಾಡಿಸಿದ್ದರು. ಕನ್ನಡಕ್ಕೆ ಆ ಡಬ್ಬಿ ಸರಿಯಾಗಿಯೇ ಇದೆ. "ಮಳೆ ಬಂತು, ಆದರೆ ಆಟ ನಿಲ್ಲಲಿಲ್ಲ" ಎಂದರೂ ಸರಿ, "ಮಳೆ ಬಂತು, ಆದ್ದರಿಂದ ಆಟ ನಿಂತಿತು" ಎಂದರೂ ಸರಿ. ಅಲ್ಪವಿರಾಮಕ್ಕೆ ಯಾರ ತಕರಾರೂ ಇಲ್ಲ. ಇಂಗ್ಲಿಷ್ ಬರೆಯಲು ಕುಳಿತವನು ಬಟ್ ಮತ್ತು ಹೌಎವರ್ ಎರಡಕ್ಕೂ ನಿಘಂಟಿನಲ್ಲಿ 'ಆದರೆ' ಎಂಬ ಅರ್ಥವನ್ನೇ ಕಾಣುತ್ತಾನೆ. ಅರ್ಥ ಒಂದೇ ಆದ ಮೇಲೆ ಚಿಹ್ನೆಯೂ ಒಂದೇ ಎಂದುಕೊಳ್ಳುವುದರಲ್ಲಿ ತಪ್ಪೇನಿದೆ?

ತಮಾಷೆಯೆಂದರೆ, ಓಡಾಡುವ ಪದ ನಮ್ಮಲ್ಲಿಯೂ ಇದೆ. "ಎಲ್ಲರೂ ಬಂದರು. ಅವನು ಮಾತ್ರ ಬರಲಿಲ್ಲ." ಈ 'ಮಾತ್ರ' ವಾಕ್ಯದ ತಲೆಯಲ್ಲಿ ನಿಲ್ಲದೆ ಕರ್ತೃಪದದ ಹಿಂದೆ ಅಂಟಿಕೊಂಡು, ಇಂಗ್ಲಿಷಿನವರು ನಡುವಿಗೆ ತಂದು ಎರಡು ಅಲ್ಪವಿರಾಮಗಳ ನಡುವೆ ಇಡುವ ಹೌಎವರ್ ಮಾಡುವ ಕೆಲಸವನ್ನೇ ಮಾಡುತ್ತದೆ. 'ಆದರೂ' ಕೂಡ ಹಾಗೆಯೇ: "ಆದರೂ ಆಟ ನಿಲ್ಲಲಿಲ್ಲ" ಎನ್ನಬಹುದು, "ಆಟ ಆದರೂ ನಿಲ್ಲಲಿಲ್ಲ" ಎಂದೂ ಎನ್ನಬಹುದು. 'ಆದರೆ' ಮಾತ್ರ ಎರಡು ವಾಕ್ಯಗಳ ಸಂದನ್ನು ಬಿಟ್ಟು ಕದಲುವುದಿಲ್ಲ. ಮೂಲದಲ್ಲಿ ಅದು ಆಗು ಎಂಬ ಧಾತುವಿನ 'ಆಗುವುದಾದರೆ' ಎಂಬ ಅರ್ಥದ ರೂಪ. ಈಗ ಗಟ್ಟಿಯಾಗಿ ಕೀಲಾಗಿಬಿಟ್ಟಿದೆ. ಪಕ್ಕದ ಮೇಜಿನ ಮರಾಠಿ ಹುಡುಗನಿಗೆ ಇದನ್ನು ಹೇಳಿದಾಗ ಅವನ ಮುಖ ಅರಳಿತು. "ತೋ ಮಾತ್ರ ಆಲಾ ನಾಹೀ" ಎಂದು ಅವರ ಭಾಷೆಯಲ್ಲಿಯೂ ಅದೇ ಪದ ಅದೇ ಜಾಗದಲ್ಲಿ. ಅಂದಿನಿಂದ ಅವನಿಗೆ ನಾನು ವ್ಯಾಕರಣದ ಹೆಸರುಗಳನ್ನು ಹೇಳುವುದಿಲ್ಲ. ಹೌಎವರ್ ಬರೆಯುವ ಮೊದಲು ಅಲ್ಲಿ 'ಮಾತ್ರ' ಹೊಂದುತ್ತದೆಯೇ ಎಂದು ಕೇಳಿಕೋ ಎನ್ನುತ್ತೇನೆ. ಎಲ್ಲ ಸಲವೂ ಹೊಂದುವುದಿಲ್ಲ; ಹೊಂದಿದಾಗ ಆ ಪದ ಕೀಲಲ್ಲ ಎಂದು ಅವನ ಕಿವಿಗೇ ಗೊತ್ತಾಗುತ್ತದೆ.

ಕಿವಿಯ ಬಗ್ಗೆ ಇನ್ನೊಂದು ಮಾತು. ಉಸಿರು ನಿಲ್ಲಿಸುವ ಕಡೆ ಅಲ್ಪವಿರಾಮ ಹಾಕಿ ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ಹೌಎವರ್ ಎಂದು ಹೇಳಿ ನಾವು ಉಸಿರು ತೆಗೆದುಕೊಳ್ಳುವುದು ಅದರ ನಂತರ, ಹಿಂದೆಯೂ ಒಂದಿಷ್ಟು ತಡೆಯುತ್ತೇವೆ. ಹೀಗಾಗಿ ಎರಡೂ ಕಡೆ ಅಲ್ಪವಿರಾಮ ಬೀಳುತ್ತದೆ, ಅಡಿಕೆ ವರದಿಯಲ್ಲಿ ಬಿದ್ದ ಹಾಗೆ. ಉಸಿರು ಅಲ್ಪವಿರಾಮ ಯಾವುದು, ಅರ್ಧವಿರಾಮ ಯಾವುದು ಎಂದು ಹೇಳಿಕೊಡುವುದಿಲ್ಲ.

ಒಂದೇ ಏಟಿಗೆ ತಿದ್ದಲು ಹೋಗಿ

ನಿಯಮ ಗೊತ್ತಿದೆ ಎಂಬ ಜಂಬದಲ್ಲಿ ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ. ಒಂದು ದೋಣಿಯ ಹಾನಿಯ ಬಗ್ಗೆ ಮೂವತ್ತೊಂದು ಪುಟಗಳ ವರದಿ, ಸಂಜೆ ಐದಕ್ಕೆ ಬಂದಿತ್ತು, ಆರು ಗಂಟೆಯೊಳಗೆ ಹೋಗಬೇಕಿತ್ತು. ಪುಟಪುಟದಲ್ಲಿಯೂ ಅದೇ ಅಲ್ಪವಿರಾಮ. ಒಂದೊಂದನ್ನೇ ತಿದ್ದುವ ತಾಳ್ಮೆ ಇಲ್ಲದೆ, ಕಂಪ್ಯೂಟರಿನ ಹುಡುಕಿ ಬದಲಿಸುವ ಪೆಟ್ಟಿಗೆಯಲ್ಲಿ ಮೊದಲ ಸಾಲನ್ನು ಹುಡುಕಲು, ಎರಡನೆಯದನ್ನು ಅದರ ಜಾಗಕ್ಕೆ ಹಾಕಲು ಟೈಪ್ ಮಾಡಿ ಎಲ್ಲವನ್ನೂ ಬದಲಿಸುವ ಗುಂಡಿ ಒತ್ತಿದೆ:

```
, however
; however
```

ಇಪ್ಪತ್ತೆರಡು ಕಡೆ ಬದಲಾಯಿತು ಎಂದು ಪರದೆ ಹೇಳಿತು. ಮನೆಗೆ ಹೋಗುವ ಲೋಕಲ್ ರೈಲಿನಲ್ಲಿ ಮಸ್ಜಿದ್ ದಾಟುವ ಹೊತ್ತಿಗೆ ಏನೋ ಅನುಮಾನ ಬಂದು ಮೊಬೈಲಿನಲ್ಲಿ ಕಡತ ತೆರೆದೆ. "ದ ಹಲ್, ಹೌಎವರ್, ವಾಸ್ ಸೌಂಡ್" ಎಂದು ಸರಿಯಾಗಿಯೇ ಇದ್ದ ವಾಕ್ಯ, ಅಂದರೆ ದೋಣಿಯ ಒಡಲು ಮಾತ್ರ ಗಟ್ಟಿಯಾಗಿತ್ತು ಎನ್ನುವುದು, ಈಗ ಹಲ್ ಎಂಬ ಪದದ ಬುಡದಲ್ಲಿಯೇ ಅರ್ಧವಿರಾಮ ಬಿದ್ದು ಎರಡು ತುಂಡಾಗಿತ್ತು. ಕರ್ತೃ ಒಂದು ದಡದಲ್ಲಿ, ಕ್ರಿಯಾಪದ ಇನ್ನೊಂದು ದಡದಲ್ಲಿ. ಇಂಥವು ಐದು. ಆರನೆಯದು ಇನ್ನೂ ಬೇರೆ ಜಾತಿಯದು: "ದ ಕವರ್ಸ್ ಹೆಲ್ಡ್, ಹೌಎವರ್ ಹಾರ್ಡ್ ಇಟ್ ರೇಯ್ನ್ಡ್." ಎಷ್ಟೇ ಜೋರಾಗಿ ಮಳೆ ಬಂದರೂ ಹೊದಿಕೆ ತಡೆದುಕೊಂಡಿತು. ಇಲ್ಲಿ ಹೌಎವರ್ ಎಂದರೆ 'ಆದರೆ' ಅಲ್ಲವೇ ಅಲ್ಲ, 'ಎಷ್ಟೇ' ಎಂದರ್ಥ. ಅದರ ಹಿಂದಿನ ಅಲ್ಪವಿರಾಮ ನಿರಪರಾಧಿ. ದಾದರಿನಲ್ಲಿ ಇಳಿದು, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತು, ತಿದ್ದಿದ ಕಡತವನ್ನು ಮತ್ತೊಮ್ಮೆ ಕಳುಹಿಸಿದೆ. ಕ್ಷಮಾಪಣೆಯ ಪತ್ರದಲ್ಲಿ ಹೌಎವರ್ ಬಳಸಲಿಲ್ಲ.

ಆಮೇಲಿಂದ ಕಣ್ಣಿಗೆ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಹೌಎವರ್ ಅಥವಾ ದೇರ್‌ಫೋರ್ ಕಂಡಾಗ ಅದನ್ನು ಬೆರಳಿನಿಂದ ಮುಚ್ಚುತ್ತೇನೆ. ಎಡಕ್ಕೆ ಉಳಿದದ್ದು ತನ್ನ ಕಾಲ ಮೇಲೆ ನಿಲ್ಲುವ ವಾಕ್ಯವೇ? ಬಲಕ್ಕೆ ಉಳಿದದ್ದೂ ಅಂಥದ್ದೇ? ಎರಡಕ್ಕೂ ಹೌದು ಎಂದರೆ ಅಲ್ಲಿ ಅರ್ಧವಿರಾಮ ಇಲ್ಲವೇ ಪೂರ್ಣವಿರಾಮ. "ದ ಹಲ್" ಒಂಟಿಯಾಗಿ ನಿಲ್ಲಲಾರದು, "ಹಾರ್ಡ್ ಇಟ್ ರೇಯ್ನ್ಡ್" ಕೂಡ ನಿಲ್ಲಲಾರದು; ಅಲ್ಲಿ ಕೈ ಹಾಕುವುದಿಲ್ಲ. ಅರ್ಧವಿರಾಮವೋ ಪೂರ್ಣವಿರಾಮವೋ ಎಂಬುದು ರುಚಿಯ ಪ್ರಶ್ನೆ. ವಾಕ್ಯಗಳು ಗಿಡ್ಡವಾಗಿದ್ದು ಒಂದರ ಕೈ ಇನ್ನೊಂದು ಹಿಡಿದಿದ್ದರೆ ಅರ್ಧವಿರಾಮ ಚೆನ್ನ. ನಮ್ಮ ಸರ್ವೇಯರುಗಳ ಮೂರು ಸಾಲಿನ ವಾಕ್ಯಗಳಿಗೆ ನಾನು ನಿರ್ದಾಕ್ಷಿಣ್ಯವಾಗಿ ಪೂರ್ಣವಿರಾಮ ಹಾಕುತ್ತೇನೆ.

ಅಂಚಿನವರು

ಮಾಸ್ತರರ ಪರೀಕ್ಷೆ ಎಲ್ಲ ಪದಕ್ಕೂ ನಡೆಯುವುದಿಲ್ಲ. ಹೆನ್ಸ್ ಎಂಬ ಪದವನ್ನು ವಾಕ್ಯದ ಕೊನೆಗೆ ಎಳೆದುಕೊಂಡು ಹೋದರೆ ಅದು ಬರುವುದಿಲ್ಲ, ಮೊದಲಲ್ಲಿಯೇ ಕಚ್ಚಿಕೊಂಡಿರುತ್ತದೆ. ಹಾಗೆಂದು ಅದು ಕೀಲೂ ಅಲ್ಲ. ಅಂಥ ಕಡೆ ಇನ್ನೊಂದು ಉಪಾಯ: ಅದರ ಮುಂದೆ ಆಂಡ್ ನಿಲ್ಲಿಸಿ ನೋಡುವುದು. ಒಂದು ಸಂದಿಗೆ ಎರಡು ಕೀಲು ಹಾಕುವುದಿಲ್ಲವಾದ್ದರಿಂದ ಆಂಡ್ ಬಟ್ ಎಂದು ಯಾರೂ ಬರೆಯುವುದಿಲ್ಲ. ಆಂಡ್ ಹೆನ್ಸ್ ಎಂದು ಬರೆಯಬಹುದು. ಅಂದರೆ ಹೆನ್ಸ್ ಮಾಣಿಗಳ ಪೈಕಿ, ಅದರ ಹಿಂದೆ ಬರೀ ಅಲ್ಪವಿರಾಮ ಸಾಲದು. ನಮ್ಮ ಕಚೇರಿಗಳ ಇಂಗ್ಲಿಷಿನಲ್ಲಿ ಈ ಪದಕ್ಕೆ ಇರುವಷ್ಟು ಗೌರವ ಬೇರೆ ಯಾವ ಪದಕ್ಕೂ ಇಲ್ಲ. "ಹೆನ್ಸ್ ದಿಸ್ ಲೆಟರ್" ಎಂದು ಮುಗಿಯುವ ಅರ್ಜಿಗಳನ್ನು ನೋಡಿ ನೋಡಿ ನನಗೂ ಅದರ ಮೇಲೆ ಒಂದು ಬಗೆಯ ಪ್ರೀತಿ ಬಂದುಬಿಟ್ಟಿದೆ.

ಸೋ ಮತ್ತು ಯೆಟ್ ಎಂಬ ಇಬ್ಬರು ಈ ಎರಡನೆಯ ಪರೀಕ್ಷೆಗೂ ಬಗ್ಗುವುದಿಲ್ಲ. ಆಂಡ್ ಸೋ ಎನ್ನುತ್ತಾರೆ, ಆಂಡ್ ಯೆಟ್ ಎನ್ನುತ್ತಾರೆ. ಆ ಲೆಕ್ಕದಲ್ಲಿ ಅವೂ ಮಾಣಿಗಳೇ ಆಗಬೇಕಿತ್ತು. ಆದರೆ ಒಳ್ಳೆಯ ಇಂಗ್ಲಿಷ್ ಬರೆಯುವವರೂ ಅವುಗಳ ಹಿಂದೆ ಅಲ್ಪವಿರಾಮವನ್ನೇ ಹಾಕುತ್ತಾರೆ, ವ್ಯಾಕರಣದ ಪಾಠಗಳೂ ಅವನ್ನು ಬಟ್ ಜೊತೆಯಲ್ಲಿಯೇ ಕೂರಿಸುತ್ತವೆ. ಬಳಕೆಯಲ್ಲಿ ಮಾಣಿ ಕೀಲಾಗುತ್ತಿರುವುದು ಇಲ್ಲಿ ಕಾಣುತ್ತದೆ, ನಮ್ಮ 'ಆದರೆ' ಆದ ಹಾಗೆ. ಹೌಎವರ್ ಕೂಡ ಒಂದು ದಿನ ಹಾಗಾಗಬಹುದು ಎಂದು ಮರಾಠಿ ಹುಡುಗ ವಾದಿಸುತ್ತಾನೆ. ಆಗಲಿ. ಆ ದಿನ ಬರುವವರೆಗೆ ವಿಮಾ ಅಧಿಕಾರಿಗಳಿಂದ ಫೋನ್ ಬರುತ್ತಿರುತ್ತದೆ ಎಂದೆ.

ಅಡಿಕೆ ವರದಿಯ ವಾಕ್ಯ ಕೊನೆಗೆ ಹೀಗಾಯಿತು: "ದ ಟಾಪ್ ಲೇಯರ್, ಹೌಎವರ್, ವಾಸ್ ಡ್ರೈ; ಓನ್ಲಿ ಫೋರ್ಟೀನ್ ಬ್ಯಾಗ್ಸ್ ಅಟ್ ದ ಬಾಟಮ್ ವರ್ ವೆಟ್." ಹೌಎವರ್ ಈಗ ಒಳಗೆ ಹೋಗಿ ಹರಿದ ಟಾರ್ಪಾಲಿನ ಕಡೆಗೆ ಮುಖ ಮಾಡಿ ನಿಂತಿದೆ, ತಳದ ಮೂಟೆಗಳನ್ನು ಅರ್ಧವಿರಾಮ ನೋಡಿಕೊಳ್ಳುತ್ತಿದೆ. ಸರ್ವೇಯರ್ ಅದನ್ನು ಓದಿ, ಸಹಿ ಹಾಕುವ ಮೊದಲು ಪೆನ್ನನ್ನು ಹಿಡಿದುಕೊಂಡೇ ಕೇಳಿದರು: "ತಳದ ಹಲಗೆ ಒದ್ದೆ ಇತ್ತು ಎನ್ನುವುದನ್ನು ಎಲ್ಲೂ ಬರೆದೇ ಇಲ್ಲವಲ್ಲ?" ಫೋಟೊಗಳನ್ನು ತೆಗೆದು ನೋಡಿದೆವು. ಹದಿನೇಳನೆಯ ಫೋಟೊದಲ್ಲಿ ಹಲಗೆಯ ಸಂದಿನಲ್ಲಿ ನೀರು ಹೊಳೆಯುತ್ತಿತ್ತು. ಅದಕ್ಕೊಂದು ವಾಕ್ಯ ಸೇರಿಸಿದೆವು, ಸೋ ಹಾಕಿ, ಅದರ ಹಿಂದೆ ಒಂದು ಅಲ್ಪವಿರಾಮ ಇಟ್ಟು.